ಮೌನದಲ್ಲಿ ಕಾಯುವುದು, ಪ್ರೇರಣೆಯಾದರೆ ನುಡಿಯುವುದು: ಕ್ವೇಕರ್ ಆರಾಧನೆಗೆ ಮೊದಲ ಸಲ ಹೋಗುವವರಿಗೆ

ಬ್ರಿಟನ್ನಿನ ಊರುಗಳಲ್ಲಿ ಓಡಾಡುವಾಗ, ಚರ್ಚಿನಂತೆ ಗೋಪುರವಾಗಲಿ ಶಿಲುಬೆಯಾಗಲಿ ಇಲ್ಲದ ಸಾದಾ ಕಟ್ಟಡವೊಂದರ ಮುಂದೆ ‘ಕ್ವೇಕರ್ ಮೀಟಿಂಗ್ ಹೌಸ್’ ಎಂಬ ಫಲಕ ಕಾಣಬಹುದು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಆರಾಧನೆ, ಎಲ್ಲರಿಗೂ ಸ್ವಾಗತ ಎಂದು ಅದರ ಮೇಲೆ ಬರೆದಿರುತ್ತದೆ. ಓದಿಗೆ, ಉದ್ಯೋಗಕ್ಕೆ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಲ್ಲಿ ಕೆಲವರು ಕುತೂಹಲದಿಂದ, ಇನ್ನು ಕೆಲವರು ಕ್ವೇಕರ್ ಸ್ನೇಹಿತರ ಮದುವೆಗೋ ಅಂತ್ಯಸಂಸ್ಕಾರಕ್ಕೋ ಎಂದು ಒಳಗೆ ಹೋಗುವ ಸಂದರ್ಭ ಬರುತ್ತದೆ. ಹೋದವರಿಗೆ ಮೊದಲು ಎದುರಾಗುವ ಗೊಂದಲ ಒಂದೇ: ಇಲ್ಲಿ ಪಾದ್ರಿಯಿಲ್ಲ, ವೇದಿಕೆಯಿಲ್ಲ, ಹಾಡಿಲ್ಲ, ಮಂತ್ರವಿಲ್ಲ. ಮೂವತ್ತು ನಲವತ್ತು ಜನ ಸುತ್ತ ಕೂತು ಸುಮ್ಮನಿದ್ದಾರೆ. ನಡುವೆ ಯಾರೋ ಎದ್ದು ಎರಡು ಮಾತಾಡಿ ಕೂರುತ್ತಾರೆ, ಅದಕ್ಕೆ ಯಾರೂ ಉತ್ತರಿಸುವುದಿಲ್ಲ. ಇದಕ್ಕೆ ನಿಯಮ ಏನಾದರೂ ಇದೆಯೇ?

ಇದೆ. ಹೆಚ್ಚಿನವು ಬಾಯಿಂದ ಬಾಯಿಗೆ, ನೋಡಿ ಕಲಿಯುವ ವಾಡಿಕೆಗಳು. ಅವು ತಿಳಿದಿದ್ದರೆ ಆ ಒಂದು ಗಂಟೆ ಮುಜುಗರದಲ್ಲಿ ಕಳೆಯುವುದಿಲ್ಲ.

ಪಾದ್ರಿ ಇಲ್ಲದ್ದು ಏಕೆ

ಕ್ವೇಕರರ ಅಧಿಕೃತ ಹೆಸರು ‘ರಿಲಿಜಿಯಸ್ ಸೊಸೈಟಿ ಆಫ್ ಫ್ರೆಂಡ್ಸ್’. ತಮ್ಮನ್ನು ತಾವು ಅವರು ‘ಫ್ರೆಂಡ್ಸ್’ ಎಂದೇ ಕರೆದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆದು ರಾಜನ ತಲೆಯೇ ಉರುಳಿದ ಕಾಲದಲ್ಲಿ ಹುಟ್ಟಿದ ಪಂಥ ಇದು. ನೇಕಾರನ ಮಗನಾಗಿ 1624ರಲ್ಲಿ ಹುಟ್ಟಿದ ಜಾರ್ಜ್ ಫಾಕ್ಸ್ ಊರೂರು ಅಲೆದು ಸಾರಿದ್ದು ಒಂದೇ ಮಾತು: ದೇವರು ಪ್ರತಿಯೊಬ್ಬರಿಗೂ ನೇರವಾಗಿ ಕಲಿಸಬಲ್ಲ, ನಡುವೆ ದಲ್ಲಾಳಿ ಬೇಕಿಲ್ಲ. 1652ರಲ್ಲಿ ಉತ್ತರ ಇಂಗ್ಲೆಂಡಿನ ಫರ್ಬ್ಯಾಂಕ್ ಫೆಲ್ ಎಂಬ ಗುಡ್ಡದ ಮೇಲೆ ಬಂಡೆಯೊಂದರ ಬಳಿ ಆತ ಸಾವಿರಕ್ಕೂ ಹೆಚ್ಚು ಜನರಿಗೆ ಸುಮಾರು ಮೂರು ಗಂಟೆ ಉಪದೇಶ ಮಾಡಿದ. ಮೌನಕ್ಕೆ ಹೆಸರಾದ ಪಂಥ ಬೆಳೆದದ್ದು ಅಷ್ಟುದ್ದದ ಭಾಷಣದಿಂದ! ಆದರೆ ಅಲ್ಲಿ ಸೇರಿದ್ದವರಲ್ಲಿ ಬಹಳಷ್ಟು ಮಂದಿ ‘ಸೀಕರ್ಸ್’ ಎನಿಸಿಕೊಂಡವರು. ಚರ್ಚಿನ ವಿಧಿಗಳಲ್ಲಿ ನಂಬಿಕೆ ಕಳೆದುಕೊಂಡು, ತಮ್ಮತಮ್ಮಲ್ಲೇ ಸೇರಿ ಮೌನವಾಗಿ ಕಾಯುವುದನ್ನು ಅವರು ಆಗಲೇ ರೂಢಿಸಿಕೊಂಡಿದ್ದರು. ಫಾಕ್ಸನ ಮಾತೂ ಇವರ ಮೌನವೂ ಕೂಡಿ ಇಂದಿನ ಆರಾಧನೆಯ ರೀತಿ ರೂಪುಗೊಂಡಿತು.

ಹಾಗಾಗಿ ಇಲ್ಲಿ ಮೌನ ಗುರಿಯಲ್ಲ. ಎಲ್ಲರೂ ಕಾಯುತ್ತಿದ್ದಾರೆ, ಕಾಯುವಾಗ ಸದ್ದು ಬೇಡ, ಅಷ್ಟೆ. ಯಾರಿಗೆ ಬೇಕಾದರೂ ನುಡಿಯಲು ಪ್ರೇರಣೆ ಬರಬಹುದು. ಹೆಂಗಸಿಗೆ, ಆಳಿಗೆ, ಹೊಸಬನಿಗೆ ಬರಬಾರದೆಂದಿಲ್ಲ. ಚರ್ಚಿನಲ್ಲಿ ಹೆಂಗಸರು ಬಾಯಿ ಬಿಡಬಾರದು ಎಂಬ ಕಾಲದಲ್ಲಿ, ಅವರು ಮಾತಾಡುವುದೇ ಸರಿ ಎಂದು ವಾದಿಸಿ ಮಾರ್ಗರೆಟ್ ಫೆಲ್ 1666ರಲ್ಲಿ ಒಂದು ಪುಸ್ತಿಕೆಯನ್ನೇ ಪ್ರಕಟಿಸಿದಳು.

ಈ ಪದ್ಧತಿಯ ಗಟ್ಟಿತನ ತಿಳಿದದ್ದು ದಮನದ ದಿನಗಳಲ್ಲಿ. 1664ರ ಕಾನೂನಿನ ಪ್ರಕಾರ, ಮನೆಯವರನ್ನು ಬಿಟ್ಟು ಐವರಿಗಿಂತ ಹೆಚ್ಚು ಜನ ಅಧಿಕೃತ ಚರ್ಚಿನ ರೀತಿಯಲ್ಲದ ಆರಾಧನೆಗೆ ಸೇರಿದರೆ ಶಿಕ್ಷೆ. ಕ್ವೇಕರರು ಕದ್ದು ಸೇರಲಿಲ್ಲ; ಬಾಗಿಲು ತೆರೆದೇ ಸೇರಿದರು, ಜೈಲಿಗೂ ಹೋದರು. 1682ರಲ್ಲಿ ಬ್ರಿಸ್ಟಲ್ ನಗರದಲ್ಲಿ ದೊಡ್ಡವರೆಲ್ಲ ಸೆರೆಯಲ್ಲಿದ್ದಾಗ ಅವರ ಮಕ್ಕಳೇ ಸೇರಿ ಆರಾಧನೆಯನ್ನು ನಡೆಸಿಕೊಂಡು ಹೋದರು. ಪಾದ್ರಿಯನ್ನೋ ವಿಧಿಯನ್ನೋ ನೆಚ್ಚಿದ ಪೂಜೆಯಾಗಿದ್ದರೆ ಅದು ಅಂದೇ ನಿಲ್ಲುತ್ತಿತ್ತು.

ಒಂದು ಎಚ್ಚರಿಕೆ: ಜಗತ್ತಿನ ಎಲ್ಲ ಕ್ವೇಕರರೂ ಹೀಗೆ ಮೌನವಾಗಿ ಕೂರುವವರಲ್ಲ. ದೊಡ್ಡ ಸಂಖ್ಯೆಯ ಕ್ವೇಕರರಿರುವ ಕೀನ್ಯಾದಲ್ಲಿ ಪಾಸ್ಟರ್, ಪ್ರವಚನ, ಹಾಡು ಎಲ್ಲ ಇರುತ್ತವೆ. ಅಮೆರಿಕದಲ್ಲಿ ಎರಡೂ ಬಗೆ ಇವೆ. ಮೊದಲೇ ಏನೂ ಗೊತ್ತುಮಾಡಿಕೊಳ್ಳದೆ ಮೌನದಲ್ಲಿ ಕೂರುವುದು ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ವಾಡಿಕೆ. ಮುಂದೆ ಹೇಳಿರುವುದೆಲ್ಲ ಬ್ರಿಟನ್ನಿನ ಸಭೆಗಳನ್ನು ಕುರಿತದ್ದು.

ಬಾಗಿಲಿನಿಂದ ಕುರ್ಚಿಯವರೆಗೆ

ಹತ್ತು ನಿಮಿಷ ಮುಂಚೆ ಹೋಗಿ. ಬಾಗಿಲ ಬಳಿ ಒಬ್ಬರು ನಿಂತಿದ್ದು ಕೈಕುಲುಕಿ ಬರಮಾಡಿಕೊಳ್ಳುತ್ತಾರೆ. ಮೊದಲ ಸಲ ಬಂದಿದ್ದೇನೆ ಎಂದರೆ ಚಿಕ್ಕ ಕರಪತ್ರವೊಂದನ್ನು ಕೊಡಬಹುದು. ಉಡುಪಿಗೆ ಕಟ್ಟುಪಾಡಿಲ್ಲ. ಚಪ್ಪಲಿ ಬಿಡಬೇಕಿಲ್ಲ. ಮಿಸ್ಟರ್, ಡಾಕ್ಟರ್ ಎಂಬ ಬಿರುದುಗಳನ್ನು ಅವರು ಬಳಸುವುದಿಲ್ಲ. ವಯಸ್ಸಾದವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನಮ್ಮ ಕಿವಿಗೆ ಇದು ಒರಟೆನಿಸಿದರೂ ಅಲ್ಲಿ ಅದೇ ಗೌರವ.

ಒಳಗೆ ಕುರ್ಚಿಗಳೋ ಬೆಂಚುಗಳೋ ಒಂದರ ಮುಖ ಒಂದಕ್ಕಿರುವಂತೆ ವೃತ್ತವಾಗಿ ಅಥವಾ ಚೌಕವಾಗಿ ಇರುತ್ತವೆ. ನಡುವಿನ ಮೇಜಿನ ಮೇಲೆ ಹೆಚ್ಚಾಗಿ ಒಂದಿಷ್ಟು ಹೂವು, ಒಂದು ಬೈಬಲ್, ಬ್ರಿಟನ್ನಿನ ಕ್ವೇಕರರ ಗ್ರಂಥವಾದ ‘ಕ್ವೇಕರ್ ಫೇತ್ ಅಂಡ್ ಪ್ರಾಕ್ಟೀಸ್’ ಇರುತ್ತವೆ. ಹೂವು ಪೂಜೆಗಲ್ಲ, ಪುಸ್ತಕ ಪಾರಾಯಣಕ್ಕಲ್ಲ. ಬೇಕಾದವರು ಎತ್ತಿಕೊಂಡು ಒಂದು ಪುಟ ಓದಬಹುದು. ಕಂಬ್ರಿಯಾದ ಬ್ರಿಗ್‌ಫ್ಲಾಟ್ಸ್‌ನಲ್ಲಿ 1675ರಲ್ಲಿ ಕಟ್ಟಿದಂಥ ಹಳೆಯ ಮೀಟಿಂಗ್ ಹೌಸ್‌ಗಳಲ್ಲಿ ಒಂದು ಗೋಡೆಗೆ ತಾಗಿ ಸ್ವಲ್ಪ ಎತ್ತರದ ಬೆಂಚು ಕಾಣುತ್ತದೆ. ಹಿಂದೆ ‘ಮಿನಿಸ್ಟರ್’ ಎಂದು ದಾಖಲಾದವರು, ಎಂದರೆ ಆಗಾಗ ನುಡಿಯುವ ವರವಿದೆ ಎಂದು ಸಭೆ ಗುರುತಿಸಿದವರು, ಅಲ್ಲಿ ಕೂರುತ್ತಿದ್ದರು. ಹಾಗೆ ದಾಖಲಿಸುವುದನ್ನು ಬ್ರಿಟನ್ನಿನಲ್ಲಿ 1924ರಲ್ಲಿ ಕೈಬಿಟ್ಟರು. ಇಂದು ಎಲ್ಲ ಕುರ್ಚಿಯೂ ಒಂದೇ.

ಎಲ್ಲಿ ಬೇಕಾದರೂ ಕೂರಿ, ಆದರೆ ಬಾಗಿಲ ಹತ್ತಿರದ ಕುರ್ಚಿಗಳನ್ನು ತಡವಾಗಿ ಬರುವವರಿಗೆ ಬಿಡುವುದು ವಾಡಿಕೆ. ಗಂಟೆ ಬಾರಿಸಿ ಯಾರೂ ಆರಂಭ ಸಾರುವುದಿಲ್ಲ. ಮೊದಲು ಬಂದವರು ಕೂತು ಮೌನಕ್ಕೆ ಇಳಿದೊಡನೆ ಆರಾಧನೆ ಶುರುವಾಯಿತು ಎಂದೇ ಲೆಕ್ಕ. ಹಾಗಾಗಿ ಹಾಲ್‌ನ ಬಾಗಿಲು ದಾಟಿದ ಮೇಲೆ ಪಿಸುಮಾತೂ ಬೇಡ. ಫೋನ್ ಪೂರ್ತಿ ಆಫ್ ಮಾಡಿ. ವೈಬ್ರೇಶನ್ ಸದ್ದೂ ಅಲ್ಲಿ ಎಲ್ಲರಿಗೆ ಕೇಳಿಸುತ್ತದೆ. ನೀವೇ ತಡವಾಗಿ ಬಂದರೆ ಬಾಗಿಲಲ್ಲಿರುವವರು ಹೇಳಿದಂತೆ ಮಾಡಿ. ಕೆಲವೆಡೆ ತಡವಾಗಿ ಬಂದವರೆಲ್ಲ ಹೊರಗೆ ಕಾದು ಒಟ್ಟಿಗೆ ಒಳಬರುತ್ತಾರೆ. ಒಳಗೆ ಯಾರಾದರೂ ನುಡಿಯುತ್ತಿದ್ದರೆ ಅವರು ಮುಗಿಸಿ ಕೂರುವವರೆಗೆ ಬಾಗಿಲು ತೆರೆಯಬೇಡಿ.

ಮಕ್ಕಳು ಇಡೀ ಗಂಟೆ ಕೂರಬೇಕೆಂದಿಲ್ಲ. ಮಕ್ಕಳ ಗುಂಪು ಇರುವ ಕಡೆ ಅವರು ಹತ್ತು ಹದಿನೈದು ನಿಮಿಷ ದೊಡ್ಡವರ ಜೊತೆ ಇದ್ದು, ಉಳಿದ ಹೊತ್ತು ಬೇರೆ ಕೋಣೆಯಲ್ಲಿ ತಮ್ಮ ಚಟುವಟಿಕೆಗಳಲ್ಲಿ ತೊಡಗುತ್ತಾರೆ.

ಕೂರುವ ರೀತಿ, ಮನಸ್ಸಿಗೆ ಕೆಲಸ

ಇಂಥದೇ ಆಸನ, ಇಂಥದೇ ಮುದ್ರೆ ಎಂಬುದಿಲ್ಲ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕೈ ತೊಡೆಯ ಮೇಲಿಟ್ಟು ಕೂತರೆ ಒಂದು ಗಂಟೆ ಸುಲಭವಾಗಿ ಸಾಗುತ್ತದೆ. ಕಣ್ಣು ಮುಚ್ಚಬಹುದು, ತೆರೆದಿಡಬಹುದು. ಎದುರಿನವರ ಮುಖವನ್ನೇ ದಿಟ್ಟಿಸದಿದ್ದರೆ ಸಾಕು. ಕೆಮ್ಮು ಬಂದರೆ ಕೆಮ್ಮಿ, ಕಾಲು ಜೋಮು ಹಿಡಿದರೆ ಸರಿಸಿ. ಅಲುಗಾಡದೆ ಕೂರುವುದು ಇಲ್ಲಿ ಸಾಧನೆ ಅಲ್ಲ. ಹೊರಗೆ ಹೋಗಲೇಬೇಕಾದರೆ ಸದ್ದಿಲ್ಲದೆ ಎದ್ದು ಹೋಗಿ, ಯಾರೂ ತಪ್ಪು ತಿಳಿಯುವುದಿಲ್ಲ.

ಮೊದಲ ಕಾಲುಗಂಟೆ ಎಲ್ಲರಿಗೂ ಗದ್ದಲವೇ. ಸ್ಟವ್ ಆರಿಸಿದೆನೇ, ಮನೆಗೆ ಹಣ ಕಳಿಸುವುದು ಬಾಕಿ ಇದೆ, ಸೋಮವಾರದ ಮೀಟಿಂಗ್‌ಗೆ ಏನು ಹೇಳಲಿ, ಇವೆಲ್ಲ ಸಾಲುಗಟ್ಟಿ ಬರುತ್ತವೆ. ಅವನ್ನು ಒದ್ದೋಡಿಸಲು ಹೋದರೆ ಆ ಒದ್ದಾಟವೇ ಗಂಟೆಯನ್ನು ನುಂಗುತ್ತದೆ. ಒಂದೊಂದನ್ನೂ ಗುರುತಿಸಿ, ಇರಲಿ ಎಂದು ಬದಿಗಿಡುವುದು ಪಳಗಿದವರ ಉಪಾಯ. ಮನಸ್ಸು ಹಿಡಿತಕ್ಕೆ ಬಾರದಿದ್ದರೆ ಮೂರು ದಾರಿಗಳಿವೆ. ಒಂದು, ನಡುಮೇಜಿನ ಪುಸ್ತಕದಿಂದ ಒಂದೇ ಒಂದು ಖಂಡಿಕೆ ಓದಿ ಮುಚ್ಚಿ ಅದರ ಜೊತೆ ಇರುವುದು. ‘ಅಡ್ವೈಸಸ್ ಅಂಡ್ ಕ್ವೆರೀಸ್’ ಎಂಬ ಕಿರುಹೊತ್ತಿಗೆ ಇದಕ್ಕೆ ಹೇಳಿಮಾಡಿಸಿದ್ದು. ಅದರಲ್ಲಿರುವುದು 42 ಚಿಕ್ಕ ಖಂಡಿಕೆಗಳು, ಅವುಗಳಲ್ಲಿ ಬಹಳಷ್ಟು ಪ್ರಶ್ನೆಗಳ ರೂಪದಲ್ಲಿವೆ. ಎರಡು, ಕಾಯಿಲೆಯಲ್ಲೋ ಕಷ್ಟದಲ್ಲೋ ಇರುವ ಒಬ್ಬರನ್ನು ನೆನೆದು, ಏನನ್ನೂ ಬೇಡದೆ, ಅವರನ್ನು ಮನಸ್ಸಿನಲ್ಲಿ ಹಿಡಿದುಕೊಂಡಿರುವುದು. ಕ್ವೇಕರರು ಇದಕ್ಕೆ ಅವರನ್ನು ಬೆಳಕಿನಲ್ಲಿ ಹಿಡಿಯುವುದು ಎನ್ನುತ್ತಾರೆ. ಮೂರು, ಸುತ್ತ ಕೂತವರನ್ನು ಒಬ್ಬೊಬ್ಬರಾಗಿ ನೆನೆದು ಅವರಿಗೂ ಈ ಗಂಟೆ ಒದಗಲಿ ಎಂದು ಹಾರೈಸುವುದು.

ಧ್ಯಾನದ ರೂಢಿ ಇರುವವರು ಗಮನಿಸಬೇಕಾದ ವ್ಯತ್ಯಾಸ ಈ ಮೂರನೆಯದರಲ್ಲಿದೆ. ವಿಪಶ್ಯನ ಶಿಬಿರದಲ್ಲಿ ನೂರು ಜನ ಒಟ್ಟಿಗೆ ಕೂತರೂ ಅಭ್ಯಾಸ ಒಬ್ಬೊಬ್ಬರದೇ. ಕ್ವೇಕರರ ಮೌನ ಒಟ್ಟಿನದು. ಅವರವರು ಅವರವರ ಲೋಕಕ್ಕೆ ಇಳಿದುಬಿಟ್ಟರೆ ಅದು ಸಭೆಯಲ್ಲ, ಒಂದೇ ಕೋಣೆಯಲ್ಲಿ ನಡೆದ ಮೂವತ್ತು ಧ್ಯಾನಗಳು. ಹಾಗಾಗಿ ಉಸಿರನ್ನೋ ಜಪವನ್ನೋ ಬಳಸಿ ನೆಲೆಗೊಳ್ಳಲು ಅಡ್ಡಿಯಿಲ್ಲ, ಆದರೆ ನೆಲೆಗೊಂಡ ಮೇಲೆ ಅದನ್ನು ಸಡಿಲಬಿಟ್ಟು ಕೋಣೆಗೆ ಕಿವಿತೆರೆಯಬೇಕು.

ಕೆಲವು ಭಾನುವಾರ, ಸಾಮಾನ್ಯವಾಗಿ ಅರ್ಧಗಂಟೆ ದಾಟಿದ ಮೇಲೆ, ಮೌನದ ಗುಣವೇ ಬದಲಾದದ್ದು ಹಲವರಿಗೆ ಒಮ್ಮೆಗೇ ಗೊತ್ತಾಗುತ್ತದೆ. ಕೆಮ್ಮು, ಕುರ್ಚಿ ಸರಿಸುವ ಸದ್ದು ತಾನಾಗಿ ಕಡಿಮೆಯಾಗಿರುತ್ತದೆ. ಎದ್ದು ನುಡಿದವರು ಇನ್ನೊಬ್ಬರ ಮನಸ್ಸಿನಲ್ಲಿದ್ದುದನ್ನೇ ಹೇಳಿರುತ್ತಾರೆ. ಇಂಥದನ್ನು ‘ಗ್ಯಾದರ್ಡ್ ಮೀಟಿಂಗ್’, ಎಂದರೆ ಕೂಡಿಬಂದ ಸಭೆ ಎಂದು ಕರೆಯುತ್ತಾರೆ. ಇದು ಪ್ರತಿವಾರ ಆಗುವುದಲ್ಲ, ಆಗಿಸಲೂ ಆಗುವುದಿಲ್ಲ. ದಶಕಗಳಿಂದ ಕೂತವರಿಗೂ ಗಂಟೆಯಿಡೀ ತೂಕಡಿಕೆಯಲ್ಲೋ ಲೆಕ್ಕಾಚಾರದಲ್ಲೋ ಕಳೆದ ಭಾನುವಾರಗಳು ಬೇಕಾದಷ್ಟಿರುತ್ತವೆ.

ಎದ್ದು ನುಡಿಯುವುದು ಯಾವಾಗ

ಮೌನದಿಂದೆದ್ದ ನುಡಿಗೆ ಕ್ವೇಕರರು ‘ಮಿನಿಸ್ಟ್ರಿ’ ಎನ್ನುತ್ತಾರೆ. ಸದಸ್ಯರಲ್ಲದವರೂ, ಮೊದಲ ದಿನ ಬಂದವರೂ ನುಡಿಯಬಹುದು. ಯಾರ ಅನುಮತಿಯೂ ಬೇಡ. ಆದರೆ ತಲೆಗೆ ಒಳ್ಳೆಯ ವಿಚಾರ ಹೊಳೆದದ್ದೇ ಏಳಲು ಕಾರಣವಲ್ಲ. ಬಂದದ್ದನ್ನು ಪರೀಕ್ಷಿಸಿ ನೋಡುವುದೇ ಇಲ್ಲಿಯ ಕಸುಬು. ಬೇರೆ ಬೇರೆ ಸಭೆಗಳಲ್ಲಿ ಹೊಸಬರಿಗೆ ಬೇರೆ ಬೇರೆ ರೀತಿಯಲ್ಲಿ ಹೇಳಿಕೊಡುವ ಪರೀಕ್ಷೆಯನ್ನು ನಾಲ್ಕು ಪ್ರಶ್ನೆಗಳಲ್ಲಿ ಹಿಡಿಯಬಹುದು. ಇದು ಮೌನದಲ್ಲಿ ಬಂದದ್ದೋ, ಮನೆಯಿಂದಲೇ ತಂದದ್ದೋ? ಇದು ನನಗೆ ಮಾತ್ರವೋ, ಇಲ್ಲಿರುವವರಿಗೂ ಸೇರಬೇಕಾದದ್ದೋ? ಹೇಳುವುದು ಈಗಲೋ, ಇನ್ನೊಂದು ವಾರಕ್ಕೆ ಕಾಯಬಹುದೋ? ಸುಮ್ಮನಿದ್ದುಬಿಟ್ಟರೆ ಇದು ತಾನಾಗಿ ಕರಗುತ್ತದೆಯೋ, ಮತ್ತೆ ಮತ್ತೆ ಬರುತ್ತದೆಯೋ?

ಒಂದು ಕಲ್ಪಿತ ಉದಾಹರಣೆಯಲ್ಲಿ ಇದನ್ನು ನೋಡೋಣ. ಮೈಸೂರಿನಿಂದ ಹೋಗಿ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬರು ಕೆಲವು ತಿಂಗಳಿಂದ ಸಭೆಗೆ ಬರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಗುರುವಾರ ರಾತ್ರಿ ಪಾಳಿಯಲ್ಲಿ ಒಬ್ಬ ಮುದುಕರು, ಔಷಧಿ ಬೇಡ, ಸ್ವಲ್ಪ ಹೊತ್ತು ಇಲ್ಲೇ ಕೂತಿರಮ್ಮ ಎಂಬರ್ಥದಲ್ಲಿ ಕೇಳಿಕೊಂಡಿದ್ದರು. ಇವರು ಕೂತರು. ಇಬ್ಬರೂ ಮಾತಾಡಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಆತ, ಇನ್ನು ಹೋಗಿ, ಸಾಕು ಎಂದರು.

ಭಾನುವಾರ ಹತ್ತೂವರೆಗೆ ಮೌನ ಶುರುವಾಗಿದೆ. ಹತ್ತೂ ಮುಕ್ಕಾಲರ ಹೊತ್ತಿಗೆ ಆ ರಾತ್ರಿ ಇವರಿಗೆ ನೆನಪಾಗುತ್ತದೆ. ನೆನಪಾದದ್ದೇ ತಡ, ಮನಸ್ಸು ವಾಕ್ಯ ಹೊಸೆಯಲು ತೊಡಗುತ್ತದೆ: ಹೇಗೆ ಆರಂಭಿಸಲಿ, ಯಾವ ಮಾತಿಗೆ ಎಲ್ಲರ ಮನ ಕರಗುತ್ತದೆ, ವಾರ್ಡಿನಲ್ಲಿ ಸಿಬ್ಬಂದಿ ಕಡಿಮೆ ಎಂಬುದನ್ನೂ ಸೇರಿಸಲೇ? ಇದೇ ಮೊದಲ ಸೂಚನೆ. ವಾಕ್ಯಗಳನ್ನು ನಯಗೊಳಿಸುತ್ತಿದ್ದೇವೆ, ಕೇಳುವವರ ಮೆಚ್ಚುಗೆಯನ್ನು ಮುಂಚೆಯೇ ಸವಿಯುತ್ತಿದ್ದೇವೆ ಎಂದಾದರೆ ಏಳುವ ಹೊತ್ತು ಬಂದಿಲ್ಲ. ಸಿಬ್ಬಂದಿ ಕೊರತೆಯ ಮಾತು ನಿಜವೇ ಇರಬಹುದು, ಆದರೆ ಅದು ಅಹವಾಲು. ಅದರ ಜಾಗ ಬೇರೆ. ಇವರು ಎಲ್ಲವನ್ನೂ ಬದಿಗಿಟ್ಟು ಮತ್ತೆ ಕೂರುತ್ತಾರೆ.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಒಬ್ಬರು ಎದ್ದು, ಈಚೆಗೆ ತೀರಿಕೊಂಡ ತಂಗಿಗೆ ಏನಾದರೂ ಮಾಡಬೇಕಿತ್ತು, ಏನೂ ಮಾಡಲಾಗಲಿಲ್ಲ ಎಂದು ಎರಡು ನಿಮಿಷ ಹೇಳಿ ಕೂರುತ್ತಾರೆ. ನರ್ಸ್‌ಗೆ ತನ್ನ ನೆನಪು ಥಟ್ಟನೆ ಮರಳುತ್ತದೆ. ಈಗಲೇ ಎದ್ದರೆ ಅದು ಸಾಂತ್ವನದ ಉತ್ತರವಾಗುತ್ತದೆ. ಒಬ್ಬರ ಮಾತಿಗೆ ಉತ್ತರ ಕೊಡುವುದು ಇಲ್ಲಿ ಸಲ್ಲದು. ಪ್ರತಿ ನುಡಿಯ ನಂತರವೂ ಅದು ಇಳಿಯುವಷ್ಟು ಮೌನ ಬೇಕು. ಇಂತಿಷ್ಟೇ ನಿಮಿಷ ಎಂದು ಯಾರೂ ಗಡಿಯಾರ ಹಿಡಿಯುವುದಿಲ್ಲವಾದರೂ ಐದು ನಿಮಿಷಕ್ಕಿಂತ ಕಡಿಮೆ ಎಂದರೆ ಅವಸರ ಎಂದೇ ಬಹುಮಂದಿಗೆ ಅನ್ನಿಸುತ್ತದೆ. ಇವರು ಕಾಯುತ್ತಾರೆ.

ಹನ್ನೊಂದೂ ಕಾಲು ಸಮೀಪಿಸಿದಾಗ ಹೊಸೆದ ವಾಕ್ಯಗಳೆಲ್ಲ ಉದುರಿಹೋಗಿ, ಆ ಹತ್ತು ನಿಮಿಷ ಮಾತ್ರ ಉಳಿದಿದೆ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಮಾತಾಡುವುದೇ ಬೇಡ ಎನ್ನಿಸುತ್ತದೆ, ಆದರೂ ಅದು ಬಿಡುತ್ತಿಲ್ಲ. ಬಹಳ ಮಂದಿ ಕ್ವೇಕರರು ನುಡಿಯುವ ಮುನ್ನ ಹೀಗೇ ಆಗುತ್ತದೆ ಎನ್ನುತ್ತಾರೆ. ಎದೆಬಡಿತವೊಂದೇ ಪುರಾವೆಯಲ್ಲ, ಸಭಾಕಂಪನದಿಂದಲೂ ಎದೆ ಬಡಿದುಕೊಳ್ಳುತ್ತದೆ. ನಾಲ್ಕೂ ಪ್ರಶ್ನೆಗಳನ್ನು ದಾಟಿದ ಮೇಲೂ ಬಂದರೆ ಅದಕ್ಕೆ ಬೆಲೆ.

ಅವರು ಎದ್ದು ನಿಲ್ಲುತ್ತಾರೆ. ಎದ್ದು ನಿಂತರೆ ದನಿ ಎಲ್ಲರಿಗೂ ತಲುಪುತ್ತದೆ, ಇನ್ನೊಬ್ಬರು ಅದೇ ಗಳಿಗೆಯಲ್ಲಿ ಏಳುವುದೂ ತಪ್ಪುತ್ತದೆ. ಏಳಲಾಗದವರು ಕೂತೇ ನುಡಿಯಬಹುದು. ಆಡಿದ ಮಾತು ಇಷ್ಟೇ: “ಈ ವಾರ ಒಬ್ಬ ರೋಗಿ ನನ್ನನ್ನು ಸುಮ್ಮನೆ ಹತ್ತಿರ ಕೂರಲು ಕೇಳಿದರು. ನನಗೆ ಬೇರೆ ಕೆಲಸಗಳಿದ್ದವು. ಆದರೂ ಕೂತೆ. ನಾನು ಏನೂ ಮಾಡಲಿಲ್ಲ. ಹತ್ತು ನಿಮಿಷದ ಮೇಲೆ ಅವರು ಸಾಕು ಎಂದರು. ಅವರಿಗೆ ಸಾಕಾದದ್ದು ಏನು ಎಂದು ನಾನಿನ್ನೂ ಯೋಚಿಸುತ್ತಿದ್ದೇನೆ.” ಅವರು ಕೂರುತ್ತಾರೆ. ನೀತಿ ಹೇಳಲಿಲ್ಲ, ತಂಗಿಯನ್ನು ಕಳೆದುಕೊಂಡವರ ಕಡೆ ನೋಡಲಿಲ್ಲ, ಇಂಗ್ಲಿಷ್ ತೊದಲಿದ್ದಕ್ಕೆ ಕ್ಷಮೆ ಕೇಳಲಿಲ್ಲ. ಒಂದು ನಿಮಿಷವೂ ಹಿಡಿಯಲಿಲ್ಲ. ಎಷ್ಟು ಹೇಳಬೇಕು ಎಂಬಷ್ಟೇ ಎಲ್ಲಿ ನಿಲ್ಲಿಸಬೇಕು ಎಂಬುದೂ ಮುಖ್ಯ. ಬಂದದ್ದು ಮುಗಿದೊಡನೆ ಕೂರಬೇಕು. ಅದಕ್ಕೆ ಉಪಸಂಹಾರ ಕಟ್ಟಲು ಹೊರಟಲ್ಲಿಂದ ಪ್ರವಚನ ಶುರುವಾಗುತ್ತದೆ.

ಇದರ ಜೊತೆಗೆ ಮೂರು ವಾಡಿಕೆಗಳು ನೆನಪಿರಲಿ. ಒಂದು ಸಭೆಯಲ್ಲಿ ಒಬ್ಬರು ಒಮ್ಮೆ ಮಾತ್ರ ನುಡಿಯುತ್ತಾರೆ. ಸಭೆ ನೆಲೆಗೊಳ್ಳುತ್ತಿರುವ ಮೊದಲ ಹತ್ತು ಹದಿನೈದು ನಿಮಿಷದಲ್ಲೂ, ಮುಗಿಯುವ ಮುನ್ನಿನ ಕೆಲವೇ ನಿಮಿಷಗಳಲ್ಲೂ ಏಳದಿರುವುದು ಲೇಸು. ಮಾತಿನ ಬದಲು ಒಂದು ಪ್ರಾರ್ಥನೆ ಅಥವಾ ಪುಸ್ತಕದ ಒಂದು ಖಂಡಿಕೆಯೂ ಬರಬಹುದು, ಅಪರೂಪಕ್ಕೆ ಯಾರಾದರೂ ಹಾಡುವುದೂ ಉಂಟು.

ಕೇಳಿಸಿಕೊಳ್ಳುವವರ ಪಾಲು

ಇನ್ನೊಬ್ಬರು ನುಡಿದಾಗ ತಲೆಯಾಡಿಸುವುದು, ಆಮೆನ್ ಎನ್ನುವುದು, ಚಪ್ಪಾಳೆ ಇವು ಯಾವುವೂ ಇಲ್ಲ. ನುಡಿದದ್ದು ನಿಮಗೆ ತಾಗದಿದ್ದರೆ, ಅಥವಾ ಕಿರಿಕಿರಿಯಾದರೆ, ಇದು ಇಲ್ಲಿ ಬೇರೆ ಯಾರಿಗೋ ಬೇಕಿದ್ದಿರಬಹುದು ಎಂದು ಬಿಟ್ಟುಬಿಡಿ. ದೇವರು, ಕ್ರಿಸ್ತ ಎಂಬ ಮಾತುಗಳು ಒಗ್ಗದವರು ಆ ಮಾತಿನ ಹಿಂದೆ ನುಡಿದವರ ಅನುಭವ ಏನಿರಬಹುದು ಎಂದು ಆಲಿಸಬೇಕು ಎಂಬುದು ಅಲ್ಲಿ ಕೊಡುವ ಸಲಹೆ. ಇಂದಿನ ಬ್ರಿಟಿಷ್ ಸಭೆಗಳಲ್ಲಿ ನಿಷ್ಠಾವಂತ ಕ್ರೈಸ್ತರ ಪಕ್ಕದಲ್ಲೇ ದೇವರನ್ನು ನಂಬದವರೂ ಕೂತಿರುವುದರಿಂದ ಈ ಸಲಹೆ ಎರಡೂ ಕಡೆಯವರಿಗೆ ಬೇಕಾಗುತ್ತದೆ.

ಸಭೆ ಹಳಿ ತಪ್ಪುವುದು ಹೇಗೆಂದೂ ತಿಳಿದಿರಲಿ. ಮೊದಲನೆಯದು ಸರಣಿ ಮಾತು. ಬಾಣಲೆಯಲ್ಲಿ ಅರಳು ಸಿಡಿದಂತೆ ಒಬ್ಬರ ಹಿಂದೊಬ್ಬರು ಏಳುತ್ತಾರೆ. ಅಮೆರಿಕದ ಕ್ವೇಕರರು ಇದನ್ನು ‘ಪಾಪ್‌ಕಾರ್ನ್ ಮೀಟಿಂಗ್’ ಎಂದೇ ಗೇಲಿ ಮಾಡುತ್ತಾರೆ. ದೊಡ್ಡ ಚುನಾವಣೆಯೋ ಯುದ್ಧದ ಸುದ್ದಿಯೋ ಬಂದ ವಾರ ಇದರ ಅಪಾಯ ಹೆಚ್ಚು. ಎರಡನೆಯದು ವಾದ: ಮೂರನೆಯವರು ಮೊದಲನೆಯವರನ್ನು ತಿದ್ದಲು ಏಳುವುದು. ಮೂರನೆಯದು ರೂಢಿಯ ಭಾಷಣಕಾರ: ಪ್ರತಿ ಭಾನುವಾರ ಅದೇ ಹೊತ್ತಿಗೆ ಎದ್ದು ಹತ್ತು ನಿಮಿಷ ಮಾತಾಡುವವರು. ಇದಕ್ಕೆ ಪ್ರತಿಯಾಗಿ ತಿಂಗಳುಗಟ್ಟಲೆ ಯಾರೂ ಬಾಯಿಬಿಡದ ಸಭೆಗಳೂ ಇವೆ. ಪೂರ್ತಿ ಮೌನದ ಒಂದು ಭಾನುವಾರ ಕೊರತೆಯಲ್ಲ. ಆದರೆ ಮೌನ ಕೆಡಬಾರದೆಂಬ ಅಂಜಿಕೆಯಿಂದಲೇ ಎಲ್ಲರೂ ಸುಮ್ಮನಿದ್ದರೆ ಅಲ್ಲಿ ಕಾಯುವಿಕೆ ನಿಂತುಹೋಗಿದೆ ಎಂದರ್ಥ.

ಇವನ್ನು ನೋಡಿಕೊಳ್ಳುವುದು ‘ಎಲ್ಡರ್’ಗಳ ಜವಾಬ್ದಾರಿ. ಇವರು ಅರ್ಚಕರಲ್ಲ, ಸದಸ್ಯರಲ್ಲೇ ಕೆಲವರನ್ನು ಒಂದು ಅವಧಿಗೆಂದು, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂರು ವರ್ಷಕ್ಕೆ, ಸಭೆ ನೇಮಿಸುತ್ತದೆ. ಯಾರಾದರೂ ಮಾತು ನಿಲ್ಲಿಸದೆ ಎಳೆಯುತ್ತಿದ್ದರೆ ಎಲ್ಡರ್ ಒಬ್ಬರು ಮೆಲ್ಲನೆ ಎದ್ದು ನಿಲ್ಲಬಹುದು, ಅಥವಾ ನಿಮ್ಮ ಮಾತು ನಮಗೆ ಮುಟ್ಟಿದೆ ಗೆಳೆಯಾ ಎಂದು ಹೇಳಿ ಕೂರಿಸಬಹುದು. ಇದು ಅಪರೂಪ. ಹೆಚ್ಚಿನ ತಿದ್ದುಪಡಿ ನಂತರ, ಖಾಸಗಿಯಾಗಿ ನಡೆಯುತ್ತದೆ. ಯಾರಾದರೂ ಅಳತೊಡಗಿದರೆ ಪಕ್ಕದಲ್ಲಿ ಹೋಗಿ ಕೂರುವವರೂ ಅವರೇ. ಹೊಸಬರು ಯಾರನ್ನೂ ತಡೆಯಲು ಹೋಗಬೇಕಿಲ್ಲ. ಅತೀವ ದುಃಖದಲ್ಲಿರುವವರಿಗೆ, ಆತಂಕದ ತೊಂದರೆ ಇರುವವರಿಗೆ ಇಷ್ಟು ಹೊತ್ತಿನ ಮೌನ ಹಿತವಾಗದೆಯೂ ಇರಬಹುದು. ಅಂಥವರು ಬಾಗಿಲಲ್ಲೇ ಒಂದು ಮಾತು ಹೇಳಿ, ಹೊರಗೆ ಹೋಗಲು ಸುಲಭವಾದ ಕಡೆ ಕೂರುವುದು ಒಳ್ಳೆಯದು.

ಕೈಕುಲುಕಿದ ಮೇಲೆ

ಗಂಟೆ ತುಂಬಿದಾಗ ಇಬ್ಬರು ಎಲ್ಡರ್‌ಗಳು ಪರಸ್ಪರ ಕೈಕುಲುಕುತ್ತಾರೆ. ಅದೇ ಮುಕ್ತಾಯ. ನೀವೂ ಅಕ್ಕಪಕ್ಕದವರ ಕೈಕುಲುಕಿ. ನಂತರ ಸಭೆಯ ವ್ಯವಹಾರ ನೋಡಿಕೊಳ್ಳುವ ‘ಕ್ಲರ್ಕ್’ ಅಥವಾ ಬೇರೊಬ್ಬರು ಪ್ರಕಟಣೆಗಳನ್ನು ಓದುತ್ತಾರೆ, ಹೊಸಬರು ಇದ್ದರೆ ಹೆಸರು ಹೇಳುವಂತೆ ಕೇಳುತ್ತಾರೆ. ಹೆಸರು, ಎಲ್ಲಿಯವರು ಎಂದಷ್ಟೇ ಹೇಳಿದರೆ ಸಾಕು. ಹೇಳಬೇಕೆನಿಸಿಯೂ ಮಿನಿಸ್ಟ್ರಿಯಾಗದೆ ಉಳಿದ ಮಾತುಗಳಿಗೆ ಕೆಲವು ಸಭೆಗಳು ಇಲ್ಲಿ ಹತ್ತು ನಿಮಿಷ ಬಿಡುತ್ತವೆ. ಏಳಬೇಕೋ ಬೇಡವೋ ಎಂದು ಹೊಯ್ದಾಡಿದವರಿಗೆ ಇದು ಒಳ್ಳೆಯ ಜಾಗ. ಆಮೇಲೆ ಚಹಾ, ಕಾಫಿ, ಬಿಸ್ಕತ್ತು. ತಟ್ಟೆ ಹಿಡಿದು ಕಾಣಿಕೆ ಎತ್ತುವುದಿಲ್ಲ. ಬಾಗಿಲ ಬಳಿ ಡಬ್ಬವಿದ್ದರೂ ಮೊದಲ ಸಲ ಬಂದವರಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ.

ಚಹಾದ ಹೊತ್ತಿನಲ್ಲಿ ಆ ನರ್ಸ್ ಸಿಕ್ಕರೆ, ಚೆನ್ನಾಗಿ ಮಾತಾಡಿದಿರಿ ಎಂದು ಹೊಗಳಬೇಡಿ. ಅದು ನುಡಿದವರನ್ನು ಭಾಷಣಕಾರರನ್ನಾಗಿಸುತ್ತದೆ, ಮುಂದಿನ ಸಲ ಅವರು ಮೆಚ್ಚುಗೆಗೆ ಮಾತು ಹೊಸೆಯುವಂತಾಗುತ್ತದೆ. ನಿಮ್ಮ ಮಾತು ನನಗೆ ಒದಗಿತು ಎಂದರೆ ಸಾಕು. ಚರ್ಚೆಗೂ ಎಳೆಯಬೇಡಿ. ತಂಗಿಯನ್ನು ಕಳೆದುಕೊಂಡವರ ಜೊತೆ ಮಾತಾಡಬೇಕೆನಿಸಿದರೆ ಅವರೇ ವಿಷಯ ಎತ್ತುವವರೆಗೆ ಕಾಯುವುದು ಸೌಜನ್ಯ.

ಕೋವಿಡ್ ನಂತರ ಆನ್‌ಲೈನ್ ಸಭೆಗಳೂ ಉಳಿದುಕೊಂಡಿವೆ. ಅಲ್ಲಿ ಮೈಕ್ ಮ್ಯೂಟ್ ಮಾಡಿ ಕೂರುವುದು, ನುಡಿಯುವಾಗ ಮಾತ್ರ ತೆರೆಯುವುದು ರೂಢಿ. ಮೈಕ್ ತೆರೆದ ತಕ್ಷಣ ಮಾತಾಡದೆ ಒಂದೆರಡು ಉಸಿರು ತಡೆದರೆ ಮೊದಲ ಪದ ನುಂಗಿಹೋಗುವುದಿಲ್ಲ. ಆದರೆ ಮೇಲೆ ಹೇಳಿದ ಒಟ್ಟಿನ ಮೌನ ಪರದೆಯಲ್ಲಿ ಕಷ್ಟಸಾಧ್ಯ. ಆದ್ದರಿಂದ ಮೊದಲ ಅನುಭವಕ್ಕೆ, ಸಾಧ್ಯವಿದ್ದರೆ, ನೇರ ಸಭೆಗೇ ಹೋಗಿ.

ಸದಸ್ಯರಾಗದೆ ಸಭೆಗೆ ಬರುತ್ತಿರುವವರನ್ನು ‘ಅಟೆಂಡರ್’ ಎನ್ನುತ್ತಾರೆ. ಸದಸ್ಯತ್ವ ಪಡೆಯದೆ ವರ್ಷಗಟ್ಟಲೆ ಅಟೆಂಡರ್ ಆಗಿಯೇ ಉಳಿದವರು ಎಲ್ಲ ಕಡೆ ಇದ್ದಾರೆ, ಅವರನ್ನು ಯಾರೂ ಒತ್ತಾಯಿಸುವುದಿಲ್ಲ. ನಿಮಗೆ ಇದು ಹೊಂದುತ್ತದೆಯೇ ಎಂಬುದನ್ನು ಒಂದೇ ಭಾನುವಾರದಿಂದ ಅಳೆಯಲಾಗದು. ಆ ದಿನ ಅಲ್ಲಿ ಯಾರಿದ್ದರು, ಯಾರು ನುಡಿದರು ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಒಂದೇ ಸಭೆಗೆ ನಾಲ್ಕಾರು ವಾರ ಹೋಗಿ ನೋಡಿ. ಹತ್ತಿರದಲ್ಲಿ ಇನ್ನೊಂದಿದ್ದರೆ ಅಲ್ಲಿಗೂ ಹೋಗಿ. ಹತ್ತು ಜನರ ಸಭೆಗೂ ನೂರು ಜನರ ಸಭೆಗೂ ಬಹಳ ಅಂತರವಿದೆ. ಹೋಗುವಾಗ ಇವತ್ತು ಮಾತಾಡಿಯೇ ತೀರುತ್ತೇನೆ ಎಂದೂ, ಬಾಯಿ ಬಿಡುವುದೇ ಇಲ್ಲ ಎಂದೂ ಮನೆಯಲ್ಲೇ ತೀರ್ಮಾನಿಸಿಕೊಳ್ಳಬೇಡಿ. ಎರಡರಲ್ಲಿ ಯಾವುದನ್ನು ತೀರ್ಮಾನಿಸಿದರೂ ಆ ಗಂಟೆಯಲ್ಲಿ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ.